ಮಾವಿನಕಾಯಿ ಬುಟ್ಟಾ ಮೇಲೆ ಆರತಿ ನೀರು: ಕ್ಲೋನ್ ಸ್ಟ್ಯಾಂಪೋ, ಹೀಲಿಂಗ್ ಬ್ರಷ್ಷೋ?

ಸೀಮಂತದ ಮನೆಯಲ್ಲಿ ಆರತಿ ತಟ್ಟೆ ಸ್ವಲ್ಪ ವಾಲಿತ್ತು, ಅಷ್ಟೇ. ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರು ಹುಡುಗಿಯ ಮಡಿಲ ಮೇಲೆ ಚೆಲ್ಲಿತು. ಅಂಗೈ ಅಗಲದ ಕಲೆ. ಉಟ್ಟಿದ್ದದ್ದು ಪಿಸ್ತಾ ಹಸಿರು ರೇಷ್ಮೆ ಸೀರೆ. ಮೈ ತುಂಬ ಜರಿಯ ಸಣ್ಣ ಮಾವಿನಕಾಯಿ ಬುಟ್ಟಾ, ಕುಂಕುಮ ಕೆಂಪಿನ ಅಂಚು. ಹಸಿರಿನ ಮೇಲೆ ಆ ಕೆಂಪು ಬಿದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಅದಾದ ಮೇಲೇ ಮಡಿಲು ತುಂಬಿದ್ದು, ದೊಡ್ಡವರ ಜೊತೆ ಫೋಟೊ ತೆಗೆಸಿಕೊಂಡಿದ್ದು ಎಲ್ಲಾ. ಆಲ್ಬಂಗೆ ಆರಿಸಿದ್ದರಲ್ಲಿ ಒಂಬತ್ತು ಫೋಟೊಗಳಲ್ಲಿ ಕಲೆ ಎದ್ದು ಕಾಣುತ್ತಿತ್ತು.

ನಾನು ಮಂಡ್ಯದ ಒಂದು ಸ್ಟುಡಿಯೊದಲ್ಲಿ ಫೋಟೊಶಾಪ್ ಹಿಡಿದು ಆಲ್ಬಂ ಎಡಿಟಿಂಗ್ ಮಾಡುತ್ತೇನೆ. ಹುಡುಗಿಯ ಅಮ್ಮ ಬಂದು ಪಕ್ಕದಲ್ಲೇ ಕುಳಿತರು. "ಸೀರೆ ನಾನೇ ಆರಿಸಿ ಕೊಟ್ಟಿದ್ದು ಕಣವ್ವ. ಕಲೆ ಹೋಗ್ಲಿ, ಆದ್ರೆ ಸೀರೆ ಸೀರೆ ಥರಾನೇ ಇರ್ಬೇಕು" ಅಂದರು. ಆ ಮಾತು ಎಷ್ಟು ತೂಕದ್ದು ಅಂತ ನನಗೆ ಆಮೇಲೆ ಗೊತ್ತಾಯಿತು.

ಅದು ಬರೀ ಅಂಚಿರುವ ಮೈಸೂರು ಸಿಲ್ಕ್ ಆಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ. ಅದರ ಮೈ ಪ್ಲೇನ್. ಹೀಲಿಂಗ್ ಬ್ರಷ್ ಹಿಡಿದು ನಾಲ್ಕು ಸಲ ಎಳೆದರೆ ಕಲೆ ಮಾಯ. ಬುಟ್ಟಾ ಸೀರೆಯಲ್ಲಿ ಆಟವೇ ಬೇರೆ.

ಮೊದಲ ಫೋಟೊಗೆ ನಾನು ಹೀಲಿಂಗ್ ಬ್ರಷ್ಷನ್ನೇ ತೆಗೆದುಕೊಂಡೆ. ಅಭ್ಯಾಸ. ಮುಖದ ಮೊಡವೆ, ಗೋಡೆಯ ಗೀರು ಎಲ್ಲಕ್ಕೂ ಅದೇ ಅಲ್ವಾ. ಒಳ್ಳೆಯ ಜಾಗದಲ್ಲಿ Alt ಒತ್ತಿ ಕ್ಲಿಕ್ ಮಾಡಿ, ಕಲೆಯ ಮೇಲೆ ಚಿಕ್ಕ ಚಿಕ್ಕದಾಗಿ ಉಜ್ಜುತ್ತಾ ಹೋದೆ. ಬುಟ್ಟಾ ಇಲ್ಲದ ಖಾಲಿ ಜಾಗದಲ್ಲಿ ಒಂದು ಕಡೆ ಚೆನ್ನಾಗಿಯೇ ಬಂತು. ಇನ್ನೊಂದು ಕಡೆ ಕಂದು ಬಣ್ಣ ಹೋಗಲೇ ಇಲ್ಲ, ಮಬ್ಬಾಗಿ ಇನ್ನೂ ಅಗಲಕ್ಕೆ ಹರಡಿತು. ಬುಟ್ಟಾ ಹತ್ತಿರ ಜರಿಯ ಹೊಳಪು ಕರಗಿ ಹಳದಿ ಮಂಜು ಕವಿದ ಹಾಗಾಯಿತು. ಅಂಚಿನ ಪಕ್ಕದಲ್ಲಂತೂ ಕುಂಕುಮ ಕೆಂಪು ಹಸಿರಿನೊಳಗೆ ಇಳಿದು, ಒಂದು ಕಲೆ ತೆಗೆಯಲು ಹೋಗಿ ಇನ್ನೊಂದು ಕಲೆ ಆದಂತಾಯಿತು.

ಇದು ಬ್ರಷ್‌ನ ತಪ್ಪಲ್ಲ. ಅದು ಕೆಲಸ ಮಾಡುವ ರೀತಿಯೇ ಹಾಗೆ. ಹೀಲಿಂಗ್ ಬ್ರಷ್ ನೀವು ತೋರಿಸಿದ ಜಾಗದಿಂದ ಬಟ್ಟೆಯ ಕಾಳುಕಾಳು ಮೇಲ್ಮೈಯನ್ನು ಮಾತ್ರ ತರುತ್ತದೆ. ಬಣ್ಣ ಮತ್ತು ಬೆಳಕನ್ನು ನೀವು ಎಳೆದ ಗೆರೆಯ ಸುತ್ತಲಿಂದ ತೆಗೆದುಕೊಂಡು ಒಳಕ್ಕೆ ಹದವಾಗಿ ಹರಡುತ್ತದೆ. ಹಾಗಾಗಿ ಗೆರೆಯ ಸುತ್ತ ಏನಿದೆ ಅನ್ನುವುದೇ ಮುಖ್ಯ. ಸುತ್ತ ಶುದ್ಧ ಹಸಿರಿದ್ದರೆ ಒಳಗೂ ಶುದ್ಧ ಹಸಿರು. ನಾನು ಕಲೆಯ ಮಧ್ಯದಲ್ಲೇ ಚಿಕ್ಕ ಚಿಕ್ಕದಾಗಿ ಉಜ್ಜಿದ್ದೆ. ಅಂದರೆ ಪ್ರತಿ ಗೆರೆಯ ಸುತ್ತಲೂ ಇದ್ದದ್ದು ಕಲೆಯೇ. ಬ್ರಷ್ ಆ ಕಂದು ಬಣ್ಣವನ್ನೇ ಸರಿಯಾದ ಬಣ್ಣ ಅಂದುಕೊಂಡಿತು. ಗೆರೆಯ ಒಂದು ಬದಿ ಕೆಂಪು ಅಂಚಿಗೆ ತಗುಲಿದರೆ ಕೆಂಪನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಜರಿಗೆ ತಗುಲಿದರೆ ಜರಿಯ ಹಳದಿಯನ್ನು.

ಸರಿ ಅಂತ ಎಲ್ಲ ಅಳಿಸಿ ಕ್ಲೋನ್ ಸ್ಟ್ಯಾಂಪ್ ಹಿಡಿದೆ. ಇದು ಬೇರೇನೂ ಯೋಚನೆ ಮಾಡುವುದಿಲ್ಲ. ಅಲ್ಲಿದ್ದದ್ದನ್ನು ಇದ್ದ ಹಾಗೇ ಇಲ್ಲಿ ಒತ್ತುತ್ತದೆ. ಮೇಲಿನ ಸಾಲಿನಿಂದ ಮಾವಿನಕಾಯಿ ತಂದು ಕಲೆಯ ಮೇಲೆ ಕೂರಿಸಿದೆ. ಜರಿ ಚೂಪಾಗಿ, ಸ್ವಚ್ಛವಾಗಿ ಬಂತು. ಖುಷಿಯಾಯಿತು.

ಅಮ್ಮ ಮುಂದಕ್ಕೆ ಬಾಗಿ ಒಂದೇ ನಿಮಿಷ ನೋಡಿದರು. "ಇದೇನವ್ವ, ಮೇಲಿನ ಕಾಯೂ ಕೆಳಗಿನ ಕಾಯೂ ಒಂದೇ ಕಡೀಕೆ ತಿರುಗವಲ್ಲ?"

ನಿಜ. ನಾನು ಗಮನಿಸಿಯೇ ಇರಲಿಲ್ಲ. ಆ ಸೀರೆಯಲ್ಲಿ ಒಂದು ಸಾಲಿನ ಮಾವಿನಕಾಯಿಗಳ ತುದಿ ಬಲಕ್ಕೆ ಬಾಗಿದರೆ, ಮುಂದಿನ ಸಾಲಿನವು ಎಡಕ್ಕೆ. ಅದೂ ಅಲ್ಲದೆ ಸಾಲುಗಳು ಒಂದರ ಕೆಳಗೆ ಒಂದು ನೇರವಾಗಿ ಇಲ್ಲ. ಮೇಲಿನ ಸಾಲಿನ ಎರಡು ಬುಟ್ಟಾಗಳ ನಡುವೆ ಕೆಳಗಿನ ಸಾಲಿನ ಒಂದು ಬುಟ್ಟಾ ಬರುತ್ತದೆ. ಪಕ್ಕದ ಸಾಲಿನಿಂದ ತಂದರೆ ದಿಕ್ಕು ತಪ್ಪುತ್ತದೆ. ಡಿಸೈನ್ ಮತ್ತೆ ಹಾಗೇ ಶುರುವಾಗುವುದು ಒಂದು ಸಾಲು ಬಿಟ್ಟ ಮೇಲೆ. ಸೀರೆ ಉಡುವ ಹೆಂಗಸರ ಕಣ್ಣು ಇಂಥದ್ದನ್ನು ತಟ್ಟನೆ ಹಿಡಿಯುತ್ತದೆ.

ಇನ್ನೊಂದು ತೊಂದರೆ ನನಗೇ ಕಂಡಿತು. ತಂದ ತುಂಡು ಸುತ್ತಲಿಗಿಂತ ಬೆಳ್ಳಗಿತ್ತು. ಹುಡುಗಿಯ ಎಡಕ್ಕೆ ಕಿಟಕಿ. ತೊಡೆಯ ಮೇಲಿನ ಬಟ್ಟೆಗೆ ಬೆಳಕು ನೇರವಾಗಿ ಬೀಳುತ್ತದೆ. ಕಲೆಯಿದ್ದದ್ದು ಮಂಡಿಯ ಹತ್ತಿರ, ಬಟ್ಟೆ ಕೆಳಕ್ಕೆ ತಿರುಗುವ ಕಡೆ, ನೆರಳಿನಲ್ಲಿ. ಕ್ಲೋನ್ ಸ್ಟ್ಯಾಂಪ್ ಅಲ್ಲಿನ ಬೆಳಕನ್ನೂ ಜೊತೆಗೇ ತಂದುಬಿಟ್ಟಿತ್ತು. ತೇಪೆ ಹಾಕಿದ ಹಾಗೆ ಕಾಣುತ್ತಿತ್ತು.

ಅಲ್ಲಿಗೆ ಒಂದು ಸತ್ಯ ಸ್ಪಷ್ಟವಾಯಿತು. ಒಂದು ಕಲೆಯ ಮೇಲೆ ಎರಡು ಬೇರೆ ಬೇರೆ ಕೆಲಸಗಳಿವೆ. ಬುಟ್ಟಾದಂಥ ಗೆರೆ, ಆಕಾರ ಇರುವ ಕಡೆ ಇದ್ದದ್ದನ್ನು ಹಾಗೇ ತರಬೇಕು. ಅದು ಕ್ಲೋನ್ ಸ್ಟ್ಯಾಂಪ್‌ಗೆ ಸೇರಿದ್ದು. ಎರಡು ಬುಟ್ಟಾಗಳ ನಡುವಿನ ಖಾಲಿ ಬಟ್ಟೆಯಲ್ಲಿ ತರಲು ಆಕಾರ ಏನೂ ಇಲ್ಲ, ಬೆಳಕು ಹೊಂದಬೇಕು ಅಷ್ಟೇ. ಅದು ಹೀಲಿಂಗ್ ಬ್ರಷ್‌ಗೆ. ಮತ್ತೆ ಮೊದಲು ಬುಟ್ಟಾ, ಆಮೇಲೆ ಖಾಲಿ ಜಾಗ. ಈ ಕ್ರಮ ತಿರುಗಿಸಿದರೆ ಕೆಲಸ ಕೆಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮತ್ತೆ ಶುರು ಮಾಡುವ ಮುಂಚೆ ಕಲೆಯ ಕೆಳಗೆ ಏನು ಉಳಿದಿದೆ ಅಂತ ನೋಡಿದೆ. ಫೋಟೊಶಾಪ್‌ನ Channels ಪ್ಯಾನೆಲ್‌ಗೆ ಹೋಗಿ Red ಒಂದನ್ನೇ ಕ್ಲಿಕ್ ಮಾಡಿದರೆ ಫೋಟೊ ಕಪ್ಪು ಬಿಳುಪಾಗಿ ಕಾಣುತ್ತದೆ. ಕಲೆ ಕೆಂಪು ಬಣ್ಣದ್ದಾದ್ದರಿಂದ ಆ ಚಾನೆಲ್‌ನಲ್ಲಿ ಅದು ತುಂಬಾ ತಿಳಿಯಾಗಿ ಕಂಡಿತು. Blue ಚಾನೆಲ್‌ನಲ್ಲಿ ಅದೇ ಕಲೆ ಕಪ್ಪಗೆ ಗಡ್ಡೆ ಕಟ್ಟಿದ ಹಾಗಿತ್ತು. ಕೆಂಪು ಚಾನೆಲ್‌ನಲ್ಲಿ ಕಲೆಯಡಿಯ ಮೂರೂ ಮಾವಿನಕಾಯಿಗಳ ಸುತ್ತುಗೆರೆ ಸಿಕ್ಕಿತು. ಒಂದು ಪೂರ್ತಿ ಮುಳುಗಿತ್ತು, ಎರಡು ಅರ್ಧ. ಪೂರ್ತಿ ಮುಳುಗಿದ್ದರ ತುದಿ ಎಲ್ಲಿದೆಯೋ ಅಲ್ಲಿ ಎರಡು ಗೈಡ್ ಗೆರೆ ಎಳೆದು ಗುರುತು ಇಟ್ಟುಕೊಂಡೆ. ಈಗ ಬುಟ್ಟಾ ಎಲ್ಲಿ ಕೂರಬೇಕು ಅನ್ನುವುದಕ್ಕೆ ಊಹೆ ಬೇಕಿಲ್ಲ.

ಕಲೆಯ ಹೊರ ಅಂಚಿನಲ್ಲಿ ಬಣ್ಣ ತೆಳ್ಳಗೆ ಹರಡಿ, ಬಟ್ಟೆಯ ಬೆಳಕು ನೆರಳು ಹಾಗೇ ಉಳಿದ ಒಂದು ಪಟ್ಟಿ ಇತ್ತು. ಅಲ್ಲಿ ಏನನ್ನೂ ಮುಚ್ಚಬೇಕಾಗಿಲ್ಲ. ಫೋಟೊದ ಒಂದು ನಕಲು ಲೇಯರ್ ಮಾಡಿಕೊಂಡು, ಅದರ ಮೇಲೆ ಕ್ಲೋನ್ ಸ್ಟ್ಯಾಂಪ್‌ನ Mode ಅನ್ನು Color ಮಾಡಿ, ಪಕ್ಕದ ಶುದ್ಧ ಹಸಿರನ್ನು ತೆಗೆದುಕೊಂಡು ಮೆಲ್ಲಗೆ ಸವರಿದೆ. ಬಣ್ಣ ಮಾತ್ರ ಬದಲಾಯಿತು, ಬಟ್ಟೆ ಹಾಗೇ ಉಳಿಯಿತು. ಕಲೆ ಗಾಢವಾದ ನಡುಭಾಗದಲ್ಲಿ ಇದು ನಡೆಯುವುದಿಲ್ಲ. ಬಣ್ಣ ಹಸಿರಾದರೂ ಕಪ್ಪು ಛಾಯೆ ಉಳಿಯುತ್ತದೆ.

ಈಗ ಬುಟ್ಟಾ. ಮೂಲ ಫೋಟೊ ಮುಟ್ಟಲಿಲ್ಲ. ಮೇಲೆ ಒಂದು ಖಾಲಿ ಲೇಯರ್ ಹಾಕಿ, ಟೂಲ್‌ನ Sample ಅನ್ನು Current & Below ಮಾಡಿಕೊಂಡೆ. Aligned ಟಿಕ್ ಇರಲೇಬೇಕು. ಅದು ಇದ್ದರೆ ಮೌಸ್ ಬಿಟ್ಟು ಮತ್ತೆ ಒತ್ತಿದರೂ ತೆಗೆಯುವ ಜಾಗಕ್ಕೂ ಒತ್ತುವ ಜಾಗಕ್ಕೂ ಇರುವ ಅಂತರ ಒಂದೇ ಆಗಿರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಮೊದಲ ಬಿಂದುವಿನಿಂದಲೇ ಶುರುವಾಗಿ, ಒಂದು ಮಾವಿನಕಾಯಿಗೆ ಮೂರು ತುದಿ ಬರುತ್ತವೆ.

ಬ್ರಷ್‌ನ ಗಾತ್ರ 90 ಪಿಕ್ಸೆಲ್ ಇಟ್ಟೆ. ಫೋಟೊದಲ್ಲಿ ಒಂದು ಬುಟ್ಟಾ ಸುಮಾರು 70 ಪಿಕ್ಸೆಲ್ ಇತ್ತು, ಅದಕ್ಕಿಂತ ಸ್ವಲ್ಪ ದೊಡ್ಡದು ಬೇಕು. Hardness 60ರ ಹತ್ತಿರ. ಇದನ್ನು ಸೊನ್ನೆಗೆ ಇಳಿಸಬೇಡಿ. ಪೂರ್ತಿ ಮೃದು ಬ್ರಷ್‌ನ ಅಂಚಿನಲ್ಲಿ ಹಳೆಯದೂ ಹೊಸದೂ ಅರ್ಧರ್ಧ ಬೆರೆಯುತ್ತವೆ. ಬಟ್ಟೆಯ ಆ ನವಿರು ಕಾಳು ಅಳಿಸಿಹೋಗಿ ಸುತ್ತ ಒಂದು ನುಣುಪಾದ ಬಳೆ ಕಾಣುತ್ತದೆ. ಪ್ರಿಂಟ್‌ನಲ್ಲಿ ಅದು ಪ್ಲಾಸ್ಟಿಕ್ ಥರ ಹೊಳೆಯುತ್ತದೆ. ಪೂರ್ತಿ ಗಟ್ಟಿ ಬ್ರಷ್ ಆದರೆ ಕತ್ತರಿಸಿ ಅಂಟಿಸಿದ ಗೆರೆ ಬೀಳುತ್ತದೆ.

ಎರಡು ಸಾಲು ಮೇಲೆ, ಅದೇ ದಿಕ್ಕಿಗೆ ಬಾಗಿದ ಮಾವಿನಕಾಯಿಯ ಚೂಪು ತುದಿಯ ಮೇಲೇ Alt ಕ್ಲಿಕ್ ಮಾಡಿದೆ. ಆಮೇಲೆ ನನ್ನ ಗೈಡ್‌ಗಳು ಸೇರುವ ಬಿಂದುವಿನಲ್ಲಿ ಮೊದಲ ಒತ್ತು. ತುದಿಗೆ ತುದಿ ಕೂತರೆ ಉಳಿದದ್ದು ತಾನಾಗಿ ಕೂರುತ್ತದೆ. ಬುಟ್ಟಾದ ನಡುವಿನಿಂದ ತೆಗೆದರೆ ಐದಾರು ಪಿಕ್ಸೆಲ್ ಆಚೀಚೆ ಆಗಿದ್ದು ಗೊತ್ತಾಗುವುದಿಲ್ಲ, ಕೊನೆಯಲ್ಲಿ ಸಾಲು ಕುಣಿಯುತ್ತದೆ.

ಆದರೂ ಅಷ್ಟು ಸುಲಭವಾಗಿ ಕೂರಲಿಲ್ಲ. ಮಂಡಿಯ ಹತ್ತಿರ ಬಟ್ಟೆ ಹಿಂದಕ್ಕೆ ಓರೆಯಾಗುವುದರಿಂದ ಬುಟ್ಟಾ ಅಲ್ಲಿ ಸ್ವಲ್ಪ ಸಣ್ಣದಾಗಿ, ಸ್ವಲ್ಪ ತಿರುಗಿ ಕಾಣಬೇಕು. ತೊಡೆಯ ಮೇಲೆ ಒಂದೇ ಸಾಲಿನ ಎರಡು ಬುಟ್ಟಾಗಳ ತುದಿಯಿಂದ ತುದಿಗೆ 180 ಪಿಕ್ಸೆಲ್ ಇದ್ದರೆ, ಮಂಡಿಯ ಬಳಿ 169 ಮಾತ್ರ. ಅಂದರೆ ಸುಮಾರು 94 ಪರ್ಸೆಂಟ್. Window ಮೆನುವಿನಲ್ಲಿ Clone Source ಅಂತ ಒಂದು ಪ್ಯಾನೆಲ್ ಇದೆ. ಅಲ್ಲಿ W, H ಎರಡಕ್ಕೂ 94 ಹಾಕಿ, ತಿರುವಿಗೆ 4 ಡಿಗ್ರಿ ಕೊಟ್ಟೆ. Show Overlay ಆನ್ ಇಟ್ಟರೆ ಒತ್ತುವ ಮುಂಚೆಯೇ ಬುಟ್ಟಾದ ನೆರಳು ತೇಲಿ ಕಾಣುತ್ತದೆ. ಕೆಂಪು ಚಾನೆಲ್‌ನಲ್ಲಿ ಕಂಡ ಸುತ್ತುಗೆರೆಗೆ ಅದನ್ನು ಹೊಂದಿಸಿ ನೋಡಿದೆ, ಸರಿಯಾಗಿ ಕೂತಿತು. ಒತ್ತಿದೆ.

ಬುಟ್ಟಾ ಮಾತ್ರವಲ್ಲ, ಅದರ ಸುತ್ತ ಹತ್ತು ಪಿಕ್ಸೆಲ್‌ನಷ್ಟು ಶುದ್ಧ ಹಸಿರನ್ನೂ ಸೇರಿಸಿ ತಂದೆ. ಅದಕ್ಕೇ ಬ್ರಷ್ ಬುಟ್ಟಾಗಿಂತ ದೊಡ್ಡದಿಟ್ಟಿದ್ದು. ಈ ಹಸಿರು ಬಳೆಯೇ ಇಡೀ ಕೆಲಸದ ಗುಟ್ಟು. ಆಮೇಲೆ ಹೀಲಿಂಗ್ ಬ್ರಷ್ ಬುಟ್ಟಾ ಹತ್ತಿರ ಬಂದಾಗ ಅದರ ಗೆರೆ ಜರಿಗೂ ತಗುಲದೆ, ಕಲೆಗೂ ತಗುಲದೆ, ಈ ಬಳೆಯ ಮೇಲೆ ನಿಲ್ಲುತ್ತದೆ. ಮೊದಲು ಬುಟ್ಟಾ ಆಮೇಲೆ ಖಾಲಿ ಜಾಗ ಅಂದಿದ್ದು ಇದಕ್ಕೇ.

ಅರ್ಧ ಮುಳುಗಿದ್ದ ಎರಡನ್ನು ಅರ್ಧ ಮಾತ್ರ ತರದೆ, ಪೂರ್ತಿಯಾಗಿಯೇ ಬದಲಾಯಿಸಿದೆ. ಜರಿಯ ಹೊಳಪು ಒಂದೊಂದು ಬುಟ್ಟಾಗೆ ಒಂದೊಂದು ಥರ ಇರುತ್ತದೆ. ಅರ್ಧ ಇಲ್ಲಿಯದು ಅರ್ಧ ಅಲ್ಲಿಯದು ಆದರೆ ನಡುವೆ ಗೆರೆ ಕಾಣುತ್ತದೆ. ಮೂರನ್ನೂ ಒಂದೇ ಬುಟ್ಟಾದಿಂದ ತೆಗೆಯಲೂ ಇಲ್ಲ. ಮೂರಕ್ಕೂ ಬೇರೆ ಬೇರೆ ಮೂಲ. ಒಂದೇ ಜಾಗದಲ್ಲಿ ಒಂದೇ ಆಕಾರದ ಮಿನುಗು ಮೂರು ಸಲ ಬಂದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ.

ತಂದವು ಬೆಳ್ಳಗಿದ್ದವಲ್ಲ, ಅದಕ್ಕೆ ಆ ಲೇಯರ್‌ಗೆ ಮಾತ್ರ ತಗುಲುವಂತೆ ಬೆಳಕು ಹದ ಮಾಡುವ ಒಂದು Curves ಹಾಕಿ, ಅದರ ಗೆರೆಯ ನಡುಭಾಗವನ್ನು ಸ್ವಲ್ಪ ಕೆಳಗೆಳೆದೆ. ಸುತ್ತಲಿನ ಬಟ್ಟೆಗೂ ಆ ಹಸಿರು ಬಳೆಗೂ ವ್ಯತ್ಯಾಸ ಕಾಣದಾಗುವ ತನಕ. ಜರಿ ನೋಡಿ ಹದ ಮಾಡಬಾರದು, ಅದರ ಹೊಳಪು ಮೋಸ ಮಾಡುತ್ತದೆ. ಬಟ್ಟೆ ನೋಡಿಯೇ ಮಾಡಬೇಕು.

ಇಷ್ಟಾದ ಮೇಲೆ ಹೀಲಿಂಗ್ ಬ್ರಷ್‌ನ ಸರದಿ. ಇನ್ನೊಂದು ಖಾಲಿ ಲೇಯರ್, ಇಲ್ಲೂ Current & Below. ಈಗ ಉಳಿದದ್ದು ಬುಟ್ಟಾಗಳ ನಡುವಿನ ಕಂದು ದಾರಿಗಳು ಮಾತ್ರ. ಬ್ರಷ್ ಆ ದಾರಿಗಿಂತ ಸ್ವಲ್ಪ ಅಗಲ ಇಟ್ಟುಕೊಂಡು, ಒಂದು ಕಡೆಯ ಶುದ್ಧ ಬಟ್ಟೆಯಿಂದ ಇನ್ನೊಂದು ಕಡೆಯ ಶುದ್ಧ ಬಟ್ಟೆಯ ತನಕ ಮೌಸ್ ಬಿಡದೆ ಒಂದೇ ಎಳೆತ. ಕಲೆಯ ಮಧ್ಯೆ ನಿಲ್ಲಿಸಲಿಲ್ಲ. ಮೊದಲ ಸಲ ಹರಡಿದ ಬಣ್ಣ ಈ ಸಲ ಪೂರ್ತಿ ಹೋಯಿತು. ಕಿಟಕಿ ಕಡೆಯ ಬೆಳಕಿನಿಂದ ಮಂಡಿಯ ನೆರಳಿಗೆ ಇಳಿಯುವ ಹಸಿರು, ನಡುವೆ ಏನೂ ಆಗಿಲ್ಲವೆಂಬಂತೆ ಹಾಗೇ ಇಳಿದು ಬಂತು. ಈ ಇಳಿಜಾರನ್ನು ಕ್ಲೋನ್ ಸ್ಟ್ಯಾಂಪ್‌ನಿಂದ ತರಲು ಅರ್ಧ ದಿನ ಬೇಕಾಗುತ್ತಿತ್ತು.

ಕೊನೆಗೆ ಅಂಚು. ಕಲೆಯ ಒಂದು ಮೂಲೆ ಹಸಿರು ಮೈ ಮತ್ತು ಕೆಂಪು ಅಂಚು ಸೇರುವ ಗೆರೆಯನ್ನು ದಾಟಿತ್ತು. ಗೆರೆಯ ಮೇಲೆ ಕ್ಲೋನ್ ಮಾತ್ರ. ಅಂಚಿನ ಉದ್ದಕ್ಕೇ, ಸ್ವಲ್ಪ ಮೇಲಿನಿಂದ ತೆಗೆದು, ಮೊದಲ ಒತ್ತು ಗೆರೆಯ ಮೇಲೇ ಬೀಳುವಂತೆ ಕೂರಿಸಿದೆ. ಗೆರೆಯ ಪಕ್ಕದ ಹಸಿರಿನಲ್ಲಿ ಹೀಲಿಂಗ್ ಬೇಕೇ ಬೇಕಾಗಿತ್ತು, ಆದರೆ ಕೆಂಪು ಒಳಗೆ ಇಳಿಯಬಾರದು. ಅದಕ್ಕೆ Polygonal Lasso ಹಿಡಿದು, Feather ಸೊನ್ನೆ ಇಟ್ಟು, ಹಸಿರಿನ ಕಡೆ ಮಾತ್ರ ಒಂದು ಆಯ್ಕೆ ಮಾಡಿಕೊಂಡೆ. ಅದರ ಒಂದು ಬದಿ ಸರಿಯಾಗಿ ಅಂಚಿನ ಗೆರೆಗೆ ಅಂಟಿಕೊಂಡಿರಬೇಕು, ಉಳಿದ ಕಡೆ ಕಲೆಗಿಂತ ಧಾರಾಳವಾಗಿರಬೇಕು. ಆಯ್ಕೆಯ ಹೊರಗಿನ ಬಣ್ಣ ಒಳಗೆ ಬರುವುದಿಲ್ಲ. ಹತ್ತು ವರ್ಷದ ಕೆಲಸದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ವಿಷಯ ಇದು, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಸ್ಪಾಟ್ ಹೀಲಿಂಗ್ ಬ್ರಷ್ ಯಾಕೆ ಬಳಸಲಿಲ್ಲ ಅಂತ ಜೊತೆಯ ಹುಡುಗ ಕೇಳಿದ. ಅದು ಎಲ್ಲಿಂದ ತೆಗೆಯಬೇಕು ಅಂತ ತಾನೇ ಆರಿಸುತ್ತದೆ. ಈ ಸೀರೆಯಲ್ಲಿ ಅದು ಖಾಲಿ ಜಾಗಕ್ಕೆ ಮಾವಿನಕಾಯಿಯ ಬಾಲ ತಂದು ಹಾಕುತ್ತಿತ್ತು. GIMP ಬಳಸುವವರಿಗೂ ಈ ಲೆಕ್ಕವೇ. ಅಲ್ಲಿ Clone, Heal ಅಂತ ಎರಡು ಟೂಲ್ ಇವೆ. Alt ಬದಲು Ctrl ಒತ್ತಿ ಕ್ಲಿಕ್ ಮಾಡಬೇಕು. Alignment ಅನ್ನು Aligned ಮಾಡಿ, Sample merged ಟಿಕ್ ಹಾಕಿಕೊಳ್ಳಬೇಕು.

ಮುಗಿಯಿತು ಅಂದುಕೊಂಡಾಗ ನಾನು ಎರಡು ಸಲ ಪರೀಕ್ಷೆ ಮಾಡುತ್ತೇನೆ. ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು Curves ಹಾಕಿ ಅದನ್ನು ತುಂಬಾ ಕಡಿದಾಗಿ ಎಳೆಯುತ್ತೇನೆ. ಫೋಟೊ ವಿಕಾರವಾಗುತ್ತದೆ, ಆದರೆ ತೇಪೆ ಇದ್ದರೆ ತಕ್ಷಣ ಬಯಲಾಗುತ್ತದೆ. ಇಲ್ಲಿ ಮಂಡಿಯ ಕೆಳಗೆ ಒಂದು ಮಂಕಾದ ಕಂದು ಉಂಗುರ ಸಿಕ್ಕಿತು. ಕಲೆಯ ತೀರಾ ಹೊರಗಿನ ಅಂಚು, ನೀರು ಒಣಗಿ ನಿಂತ ಜಾಗ. ಬರಿಗಣ್ಣಿಗೆ ಸ್ಕ್ರೀನ್ ಮೇಲೆ ಅದು ಕಂಡಿರಲಿಲ್ಲ. ಒಂದು ಎಳೆತದಲ್ಲಿ ತೆಗೆದೆ. ಆಮೇಲೆ ಆ Curves ಅಳಿಸಿ, ಜೂಮ್ 25 ಪರ್ಸೆಂಟ್‌ಗೆ ಇಳಿಸಿ, ಫೋಟೊವನ್ನು ಎಡಬಲ ತಿರುಗಿಸಿ ನೋಡಿದೆ. ಹತ್ತಿರದಿಂದ ನೋಡುವಾಗ ಸಾಲು ಸೊಟ್ಟಗಿರುವುದು ಗೊತ್ತಾಗುವುದಿಲ್ಲ, ದೂರದಿಂದ ಗೊತ್ತಾಗುತ್ತದೆ.

ಅಮ್ಮ ಸ್ಕ್ರೀನ್ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. ಬಲಕ್ಕೆ, ಎಡಕ್ಕೆ, ಬಲಕ್ಕೆ. ಕಲೆ ಇದ್ದ ಜಾಗ ದಾಟಿ ಮುಂದಕ್ಕೆ ಹೋದರು. "ಎಲ್ಲಿತ್ತವ್ವ ಅದು?" ಅಂದರು.

ಆ ಒಂದು ಫೋಟೊಗೆ ನಲವತ್ತು ನಿಮಿಷ ಹಿಡಿಯಿತು. ಉಳಿದವಕ್ಕೆ ಇದನ್ನೇ ಕತ್ತರಿಸಿ ಅಂಟಿಸಲು ಆಗುವುದಿಲ್ಲ. ಹುಡುಗಿ ಸ್ವಲ್ಪ ಅಲುಗಿದರೂ ಮಡಿಕೆ ಬದಲಾಗುತ್ತದೆ, ಬೆಳಕು ಬದಲಾಗುತ್ತದೆ. ಏಳು ಫೋಟೊಗಳಿಗೆ ಮತ್ತೆ ಮೊದಲಿನಿಂದ ಇದೇ ಕ್ರಮದಲ್ಲಿ ಮಾಡಿದೆ. ಅವುಗಳಲ್ಲಿ ದೂರದಿಂದ ತೆಗೆದ ಗುಂಪು ಫೋಟೊ ಎರಡಿದ್ದವು. ಅಲ್ಲಿ ಬುಟ್ಟಾ ಹನ್ನೆರಡು ಪಿಕ್ಸೆಲ್ ಕೂಡ ಇರಲಿಲ್ಲ, ದಿಕ್ಕು ಯಾರಿಗೂ ಕಾಣದು. ಅವಕ್ಕೆ Clone Source ಎಲ್ಲಾ ಬೇಕಾಗಲಿಲ್ಲ, ಬೇಗ ಮುಗಿದವು.

ಒಂಬತ್ತನೆಯದು ಮಾತ್ರ ಆಗಲಿಲ್ಲ. ನೀರು ಬಿದ್ದ ಮರುಕ್ಷಣ ತೆಗೆದದ್ದು. ರೇಷ್ಮೆ ಇನ್ನೂ ಒದ್ದೆಯಿತ್ತು. ಒದ್ದೆ ಬಟ್ಟೆ ಮೈಗೆ ಅಂಟಿ ಅದರ ಮಡಿಕೆಗಳೇ ಬೇರೆಯಾಗಿದ್ದವು, ಬುಟ್ಟಾಗಳು ಸುಕ್ಕಿನೊಳಗೆ ಮಡಚಿಹೋಗಿದ್ದವು. ನೀರಿನ ಬೆಳ್ಳನೆ ಹೊಳಪು ಬಿದ್ದ ಕಡೆ ಯಾವ ಚಾನೆಲ್‌ನಲ್ಲೂ ಏನೂ ಉಳಿದಿರಲಿಲ್ಲ. ಒಣ ಬಟ್ಟೆಯ ಬುಟ್ಟಾ ತಂದು ಕೂರಿಸಿದರೆ ಹೊಂದಲಿಲ್ಲ, ಹೀಲ್ ಮಾಡಿದರೆ ಮಡಿಕೆಗಳೇ ಕರಗಿದವು. ಅಮ್ಮನಿಗೆ ಅದನ್ನು ಹಾಗೇ ತೋರಿಸಿ, ಅದರ ಜಾಗಕ್ಕೆ ಹುಡುಗಿ ಹಸಿರು ಬಳೆ ತೊಡುತ್ತಿರುವ ಇನ್ನೊಂದನ್ನು ಹಾಕೋಣವಾ ಅಂತ ಕೇಳಿದೆ. ಅದರಲ್ಲಿ ಸೀರೆ ಭುಜದ ಹತ್ತಿರ ಮಾತ್ರ ಕಾಣುತ್ತದೆ. "ಅದೇ ಹಾಕವ್ವ" ಅಂದರು. ಸಂಜೆ ಫೈಲುಗಳು ಪ್ರಿಂಟ್‌ಗೆ ಮೈಸೂರಿಗೆ ಹೋದವು.